ತರಗತಿಯ ಎಲ್ಲರಿಗೂ ‘ಎ’ ಸಿಗಬಹುದೇ? ಶಾಲೆಯನ್ನು ಕೇಳಿ

ಸಿಕಂದರಾಬಾದಿನ ಕನ್ನಡ ತಂದೆತಾಯಂದಿರೇ,

ರೈಲ್ವೆ, ಸೇನೆ, ಬ್ಯಾಂಕು ಎಂದು ಬಂದು ಮಾರೇಡ್‌ಪಲ್ಲಿ, ಬೋವೆನ್‌ಪಲ್ಲಿ, ತಾರ್ನಾಕದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಒಂದು ಮಗು ಸಿಬಿಎಸ್‌ಇ, ಇನ್ನೊಂದು ತೆಲಂಗಾಣ ರಾಜ್ಯ ಪಠ್ಯಕ್ರಮ ಓದುವುದುಂಟು. ಎರಡು ಕಡೆಯೂ ಕಾಣುವುದು ಎ1, ಎ2, ಬಿ1 ಎಂಬ ಅದೇ ಅಕ್ಷರಗಳು. ಆದರೆ ಅವುಗಳನ್ನು ಕೊಡುವ ರೀತಿ ಬೇರೆ, ಮಗುವಿನ ಮೇಲಾಗುವ ಪರಿಣಾಮವೂ ಬೇರೆ.

ಹತ್ತನೆಯ ತರಗತಿಯ ಗಣಿತದಲ್ಲಿ 82 ಅಂಕ ಬಂದಿದೆ ಎನ್ನಿ. ರಾಜ್ಯ ಮಂಡಳಿಯ ಗ್ರೇಡ್ ಪದ್ಧತಿಯಲ್ಲಿ 81ರಿಂದ 90ರವರೆಗೆ ಎ2. ಬೇರೆಯವರು ಎಷ್ಟು ತೆಗೆದರೂ ಅದು ಬದಲಾಗದು. ಸಿಬಿಎಸ್‌ಇಯಲ್ಲಿ ಹಾಗಲ್ಲ. ಅಲ್ಲಿ ಒಂದು ವಿಷಯದಲ್ಲಿ ಪಾಸಾದವರನ್ನೆಲ್ಲ ಅಂಕಗಳ ಸಾಲಿನಲ್ಲಿ ನಿಲ್ಲಿಸಿ, ಸಾಲನ್ನು ಎಂಟು ಭಾಗ ಮಾಡುತ್ತಾರೆ. ಮೊದಲ ಭಾಗಕ್ಕೆ ಎ1, ಎರಡನೆಯದಕ್ಕೆ ಎ2, ಹೀಗೆ ಡಿ2ವರೆಗೆ. ಲೆಕ್ಕಕ್ಕೆ ಪಾಸಾದವರು 8,000 ಎಂದುಕೊಳ್ಳಿ. ಒಂದೊಂದು ಗ್ರೇಡಿಗೆ ಸುಮಾರು 1,000 ಮಂದಿ. 82ಕ್ಕಿಂತ ಹೆಚ್ಚು ತೆಗೆದವರು 2,500 ಇದ್ದರೆ ನಮ್ಮ ಮಗುವಿಗೆ ಬಿ1. ಮರುವರ್ಷ ಪ್ರಶ್ನೆಪತ್ರಿಕೆ ಸುಲಭವಾಗಿ 4,200 ಮಂದಿ ಮುಂದೆ ಹೋದರೆ ಅದೇ 82ಕ್ಕೆ ಸಿ1.

ಮೊದಲನೆಯದು ಮಾನದಂಡದ ಗ್ರೇಡ್, ಎರಡನೆಯದು ಹೋಲಿಕೆಯ ಗ್ರೇಡ್. ಚಾಲನಾ ಪರವಾನಗಿ ಸಿಗುವುದು ಮಾನದಂಡದ ಮೇಲೆ: ಗಾಡಿ ಓಡಿಸಬಲ್ಲವರಿಗೆಲ್ಲ ಅದು ಸಿಗುತ್ತದೆ, ಆ ದಿನ ಬಂದವರಲ್ಲಿ ಮೊದಲ ಎಂಟನೇ ಒಂದು ಭಾಗಕ್ಕಷ್ಟೇ ಅಲ್ಲ.

ಹೋಲಿಕೆಯ ಗ್ರೇಡಿನಲ್ಲಿ ಒಬ್ಬರು ಮೇಲೇರಬೇಕಾದರೆ ಇನ್ನೊಬ್ಬರು ಇಳಿಯಲೇಬೇಕು. ಗೆಳತಿಗೆ ನೋಟ್ಸ್ ಕೊಡುವುದು ನಷ್ಟದ ವ್ಯವಹಾರವಾಗುವುದು ಇಲ್ಲಿಯೇ. ಸಾಲಿನ ಕೊನೆಯಲ್ಲಿರುವ ಹುಡುಗ ಕಳೆದ ಬಾರಿಗಿಂತ ಹತ್ತು ಅಂಕ ಹೆಚ್ಚು ತೆಗೆದರೂ, ಉಳಿದವರೂ ಅಷ್ಟೇ ಮುಂದೆ ಹೋಗಿದ್ದರೆ ಅವನ ಅಕ್ಷರ ಕದಲುವುದಿಲ್ಲ. ಓದಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂದು ಅವನು ಕಲಿಯುತ್ತಾನೆ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ, ಇಸ್ರೇಲಿನ ಶಾಲಾಮಕ್ಕಳ ಮೇಲಿನ ಪ್ರಯೋಗ ಇದನ್ನೇ ತೋರಿಸಿತು. ಕೆಲವು ಮಕ್ಕಳಿಗೆ ಕೆಲಸದ ಬಗ್ಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಸಹಪಾಠಿಗಳಿಗೆ ಹೋಲಿಸಿದ ಗ್ರೇಡ್ ಮಾತ್ರ, ಇನ್ನು ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿ ಉಳಿಯಿತು. ಗ್ರೇಡ್ ಪಡೆದವರಲ್ಲಿ ಹಿಂದುಳಿದವರ ಆಸಕ್ತಿ ಕುಸಿಯಿತು, ಜೊತೆಗೆ ಟಿಪ್ಪಣಿ ಬರೆದುಕೊಟ್ಟರೂ ಅದು ಮೇಲೇಳಲಿಲ್ಲ.

ಹಾಗಾದರೆ ರಾಜ್ಯ ಮಂಡಳಿಯ ಪಟ್ಟಿ ಇದ್ದರೆ ಸಾಕೇ? ಸಾಲದು. 81 ಎಂಬ ಗೆರೆ ನಿಂತಲ್ಲೇ ನಿಂತಿದ್ದರೂ ಪ್ರಶ್ನೆಪತ್ರಿಕೆ ಪ್ರತಿವರ್ಷ ಒಂದೇ ಹದದಲ್ಲಿ ಇರುವುದಿಲ್ಲ. ಮೇಲಾಗಿ ಎ2 ಎಂಬುದು ಮಗು ಏನು ಬಲ್ಲದು ಎಂದು ಹೇಳುವುದಿಲ್ಲ. ಪತ್ರಿಕೆ ಸುಲಭವಾದರೆ ಮೇಲಿನ ಗ್ರೇಡ್ ಬೀದಿಬೀದಿಗೆ ಹಂಚಿಹೋಗುತ್ತದೆ, ಅದರ ಬೆಲೆಯೂ ಹೋಗುತ್ತದೆ. 2024ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ ಹತ್ತನೆಯ ತರಗತಿಗೆ ಮತ್ತೆ ಅಂಕಗಳನ್ನು ಕೊಡಲು ನಿರ್ಧರಿಸಿತು. ಅಂಕ ಬಂದರೂ ಈ ಕೊರತೆ ತುಂಬುವುದಿಲ್ಲ. ನಿಜವಾದ ಮಾನದಂಡ ಹೇಗಿರುತ್ತದೆ ಎಂದು ನೋಡಬೇಕಾದರೆ 2021ರ ನಿಪುಣ್ ಭಾರತ್ ಗುರಿಗಳನ್ನು ನೋಡಿ. ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ತಿಳಿದು ಓದಬೇಕು, 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. 40 ಪದ ಓದುವ ಮಗುವಿಗೆ ತಾನೆಲ್ಲಿದ್ದೇನೆ, ಇನ್ನೆಷ್ಟು ದೂರ ಎಂದು ಗೊತ್ತಾಗುತ್ತದೆ. ಪಕ್ಕದವಳು 90 ಓದಿದರೆ ಅದಕ್ಕೇನೂ ನಷ್ಟವಿಲ್ಲ.

ಹೋಲಿಕೆಗೂ ಜಾಗವಿದೆ, ಒಪ್ಪುತ್ತೇವೆ. ಸೀಟುಗಳು ಇಂತಿಷ್ಟೇ ಎಂದಿರುವಾಗ ಇಎಪಿಸೆಟ್‌ನಂಥ ಪ್ರವೇಶ ಪರೀಕ್ಷೆ ರ‍್ಯಾಂಕ್ ಕೊಡದೆ ವಿಧಿಯಿಲ್ಲ. ಆದರೆ ಐದನೆಯ ತರಗತಿಯ ಗಣಿತಕ್ಕೆ ಸೀಟುಗಳ ಮಿತಿ ಎಲ್ಲಿದೆ? ಫಲಿತಾಂಶದ ದಿನ ಟಿವಿಯಲ್ಲಿ ‘ಒಂದು, ಒಂದು, ಒಂದು’ ಎಂದು ಕೂಗುವ ಕಾಲೇಜು ಜಾಹೀರಾತಿನ ಲೆಕ್ಕವನ್ನು ಪ್ರಾಥಮಿಕ ಶಾಲೆಯ ಸೂಚನಾಫಲಕಕ್ಕೆ ತರುವುದು ಏಕೆ?

ಮುಂದಿನ ಪೋಷಕರ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: “ಎಲ್ಲ ಮಕ್ಕಳೂ ಚೆನ್ನಾಗಿ ಕಲಿತರೆ ಎಲ್ಲರಿಗೂ ‘ಎ’ ಕೊಡುತ್ತೀರಾ?” ಇಲ್ಲ ಎಂದರೆ ಅಲ್ಲಿರುವುದು ಹೋಲಿಕೆ. ಹೌದು ಎಂದರೆ, ‘ಎ’ ಪಡೆಯಲು ಮಗು ಏನೇನು ಬಲ್ಲದಾಗಿರಬೇಕು ಎಂಬುದನ್ನು ಬರೆದು ತೋರಿಸಲು ಕೇಳಿ.

ನಮ್ಮ ಬೇಡಿಕೆಗಳು:

1. ಒಂದರಿಂದ ಒಂಬತ್ತನೆಯ ತರಗತಿಯವರೆಗೆ ರ‍್ಯಾಂಕ್ ಪಟ್ಟಿ ಅಂಟಿಸುವುದು, ವಾಟ್ಸಾಪ್ ಗುಂಪಿಗೆ ಹಾಕುವುದು ನಿಲ್ಲಲಿ.

2. ಪ್ರತಿ ಪಾಠಕ್ಕೂ ಮಾನದಂಡವನ್ನು ಪರೀಕ್ಷೆಗೆ ಮೊದಲೇ ಪೋಷಕರಿಗೆ ತಿಳಿಸಲಿ. ಉದಾಹರಣೆಗೆ, ‘ಛೇದ ಬೇರೆಯಾದ ಎರಡು ಭಿನ್ನರಾಶಿಗಳನ್ನು ಕೂಡಬಲ್ಲದು.’

3. ಮಾನದಂಡ ಮುಟ್ಟದ ಮಗುವಿಗೆ ತಪ್ಪೆಲ್ಲಿ ಎಂದು ಬರೆದು ಕೊಟ್ಟು, ಆ ಭಾಗಕ್ಕಷ್ಟೇ ಮತ್ತೊಮ್ಮೆ ಪರೀಕ್ಷೆ ಕೊಡಲಿ. ಎರಡನೆಯ ಸಲ ಮುಟ್ಟಿದರೆ ಅದೇ ಅದರ ಗ್ರೇಡ್ ಆಗಲಿ.

ಈ ಮೂರಕ್ಕೂ ಮಂಡಳಿಯ ಅನುಮತಿ ಬೇಕಿಲ್ಲ, ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ಸಾಕು. ಈ ಕರಪತ್ರಕ್ಕೆ ಸಹಿ ಹಾಕಿ, ನಿಮ್ಮ ಶಾಲೆಯ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

— ಸಿಕಂದರಾಬಾದಿನ ಕೆಲವು ಕನ್ನಡ ಪೋಷಕರು