ಬಲಕ್ಕೆ ಸರಿದು ನಿಂತ ದಿನಾಂಕಗಳು

ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಎಂಬತ್ತು ವರ್ಷ ತುಂಬುವ ತಿಂಗಳ 1ನೆಯ ತಾರೀಖಿನಿಂದ ಮೂಲ ಪಿಂಚಣಿಯ ಮೇಲೆ ಶೇಕಡಾ 20ರಷ್ಟು ಹೆಚ್ಚಿಗೆ ಸಲ್ಲುತ್ತದೆಂಬುದನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಕುಟುಂಬ ಪಿಂಚಣಿ ಪಡೆಯುವ ತಾಯಂದಿರಿಗೂ ಇದು ಉಂಟು. ಆದರೆ ಹಳೆಯ ಪಿಂಚಣಿ ಆದೇಶಗಳಲ್ಲಿ ಯಜಮಾನರ ಹುಟ್ಟಿದ ದಿನಾಂಕವಿದ್ದು ಹೆಂಡತಿಯದು ಇಲ್ಲದಿರುವುದುಂಟು. ಅಂಥವರು ತಾವಾಗಿ ದಾಖಲೆ ಕೊಟ್ಟು ಕೇಳಿದ ಹೊರತು ಬ್ಯಾಂಕಿನವರಿಗೆ ವಯಸ್ಸು ತಿಳಿಯುವುದಾದರೂ ಹೇಗೆ? ಸಕಾಲದಲ್ಲಿ ಅವರಿಗೆ ನೆನಪು ಮಾಡಿಕೊಡೋಣವೆಂದು ನಮ್ಮ ಹಿರಿಯ ಸದಸ್ಯರ ಪಟ್ಟಿಯೊಂದನ್ನು ಬಡಾವಣೆಗಳಿಂದ ತರಿಸಿ ಎಕ್ಸೆಲ್ ಹಾಳೆಯಲ್ಲಿ ಕೂಡಿಸಲಾಯಿತು.

ಮೂರು ಕಡೆಯಿಂದ ಬಂದ ಪಟ್ಟಿಗೆ ಮೂರು ವೇಷ. ಮಯೂರ ವಿಹಾರದವರು ಚುಕ್ಕಿ ಇಟ್ಟು 4.11.46 ಎಂದು ಬರೆದಿದ್ದರು. ದ್ವಾರಕಾದವರು ವರ್ಷ ಮೊದಲಾಗಿ ಎಂಟು ಅಂಕಿಗಳನ್ನು ಒತ್ತಾಗಿ 19461104 ಎಂದು ಕೊಟ್ಟಿದ್ದರು. ನೋಯಿಡಾದವರು ಓರೆಗೆರೆ ಹಾಕಿ 11/02/1947 ಎಂದು, ನಾವೆಲ್ಲ ಶಾಲೆಯಲ್ಲಿ ಕಲಿತಂತೆ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಕಳಿಸಿದ್ದರು. ವಯಸ್ಸಿನ ಪ್ರಕಾರ ಜೋಡಿಸಿ ನೋಡಿದರೆ ತೊಂಬತ್ತರ ಅಜ್ಜಂದಿರು ಅರವತ್ತರವರ ಕೆಳಗೆ ಕುಳಿತಿದ್ದಾರೆ. ಕಾರಣವಿಷ್ಟೆ: ಎಕ್ಸೆಲ್ಲಿಗೆ ದಿನಾಂಕವೆಂದರೆ ಒಂದು ಸಂಖ್ಯೆ. 1900ರ ಜನವರಿ 1 ಅದರ ಎಣಿಕೆಯಲ್ಲಿ 1. 1946ರ ನವೆಂಬರ್ 4 ಅಂದರೆ 17110. ಆ ಸಂಖ್ಯೆಯಾಗಿ ಒಳಹೋಗದೆ ಉಳಿದದ್ದು ಅದರ ಪಾಲಿಗೆ ಬರಿಯ ಅಕ್ಷರ. ಅಕ್ಷರಗಳು ಚೌಕದ ಎಡಕ್ಕೂ ಸಂಖ್ಯೆಗಳು ಬಲಕ್ಕೂ ಒರಗಿ ನಿಲ್ಲುತ್ತವೆ.

ಎಂಟು ಅಂಕಿಯವರ ಕೆಲಸ ಸುಲಭ. ಮೊದಲ ನಾಲ್ಕು ವರ್ಷ, ಐದನೆಯದರಿಂದ ಎರಡು ತಿಂಗಳು, ಕಡೆಯ ಎರಡು ದಿನ. ಹಾಗೆ ಕತ್ತರಿಸಿ DATE ಎಂಬ ಸೂತ್ರದ ಕೈಗೆ ಕೊಟ್ಟರಾಯಿತು:

```
=DATE(LEFT(A2,4),MID(A2,5,2),RIGHT(A2,2))
```

ಚುಕ್ಕಿಯವರದು ಸ್ವಲ್ಪ ತಂಟೆ, ಏಕೆಂದರೆ 4.11.46ಕ್ಕೂ 14.3.1947ಕ್ಕೂ ಉದ್ದ ಒಂದೇ ಅಲ್ಲ; ಎಷ್ಟನೆಯ ಅಕ್ಷರದಲ್ಲಿ ಕತ್ತರಿಸಬೇಕೆಂದು ಮೊದಲೇ ಹೇಳಲಾಗದು. ಆದ್ದರಿಂದ ಗೆರೆಗಳನ್ನೇ ಹುಡುಕಿಸಬೇಕು. ಎಲ್ಲವನ್ನೂ ಒಂದೇ ಸೂತ್ರದಲ್ಲಿ ತುರುಕುವ ಜಾಣರುಂಟು. ಆರು ತಿಂಗಳ ಮೇಲೆ ಅದನ್ನು ಅವರೇ ಓದಲಾರರು. ನಾಲ್ಕು ಕಾಲಮ್ ಖರ್ಚಾದರೂ ಚಿಂತೆಯಿಲ್ಲ. B2ದಿಂದ E2ವರೆಗೆ ಕ್ರಮವಾಗಿ ಇವನ್ನು ಬರೆಯಿರಿ:

```
=SUBSTITUTE(SUBSTITUTE(TRIM(A2),".","/"),"-","/")
=FIND("/",B2)
=FIND("/",B2,C2+1)
=DATE(MID(B2,D2+1,4),MID(B2,C2+1,D2-C2-1),LEFT(B2,C2-1))
```

ಮೊದಲನೆಯದು ಅಂಚಿನ ಖಾಲಿ ಜಾಗ ತೆಗೆದು ಚುಕ್ಕಿ, ಅಡ್ಡಗೆರೆಗಳನ್ನೆಲ್ಲ ಓರೆಗೆರೆ ಮಾಡುತ್ತದೆ. ನಡುವಿನ ಎರಡು, ಗೆರೆಗಳು ಎಲ್ಲಿವೆಯೆಂದು ಹೇಳುತ್ತವೆ. 4/11/46ರಲ್ಲಿ ಅವು 2 ಮತ್ತು 5. ಹಾಗಾಗಿ ಮೊದಲ ಗೆರೆಯ ಹಿಂದಿನ 4 ದಿನ, ಎರಡರ ನಡುವಿನ 11 ತಿಂಗಳು, ಉಳಿದ 46 ವರ್ಷ. ಎರಡಂಕಿಯ ವರ್ಷಕ್ಕೆ ಎಕ್ಸೆಲ್ಲಿನ DATE ತಾನಾಗಿ 1900 ಕೂಡಿಸಿ 1946 ಎನ್ನುತ್ತದೆ. ಹಿರಿಯರ ಪಟ್ಟಿಗೆ ಇದು ಅನುಕೂಲವೇ. ಮೊಮ್ಮಕ್ಕಳ ಪಟ್ಟಿಗೆ ಇದನ್ನೇ ಹಚ್ಚಿದರೆ 05ರಲ್ಲಿ ಹುಟ್ಟಿದ ಹುಡುಗ 1905ರವನಾಗಿ ಅಜ್ಜನಿಗೇ ಹಿರಿಯನಾದಾನು!

ಇನ್ನು ನೋಯಿಡಾದ ಪಟ್ಟಿ. ಅದರಲ್ಲಿ 46 ಹೆಸರುಗಳು. 28 ದಿನಾಂಕಗಳು ಎಡಕ್ಕೆ, 18 ಬಲಕ್ಕೆ. ಎಡದವನ್ನು ನೋಡಿ ಮುಖ ಸಿಂಡರಿಸಿ, ಬಲದವು ಹೇಗೂ ಸರಿಯಾಗಿವೆಯೆಂದು ಬಿಟ್ಟುಬಿಡುವುದು ಎಲ್ಲರ ವಾಡಿಕೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಕೆಟ್ಟಿರುವುದು ಆ ಹದಿನೆಂಟೇ.

ಪಟ್ಟಿಯನ್ನು ಕೂಡಿಸಿದ ಕಂಪ್ಯೂಟರು ಅಮೆರಿಕದ ಪದ್ಧತಿಗೆ ಹೊಂದಿಸಿದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 25/11/1946 ಎಂಬುದನ್ನು ಕಂಡಾಗ ಇಪ್ಪತ್ತೈದನೆಯ ತಿಂಗಳು ಲೋಕದಲ್ಲಿಲ್ಲವಾದ್ದರಿಂದ ಅದು ಕೈಚೆಲ್ಲಿ ಅಕ್ಷರವಾಗಿಯೇ ಬಿಟ್ಟಿತು. 11/02/1947 ಎಂಬುದನ್ನು ಮಾತ್ರ ಸಂತೋಷದಿಂದ ಒಪ್ಪಿಕೊಂಡು ನವೆಂಬರ್ 2 ಎಂದು ಬರೆದುಕೊಂಡಿತು. ಆ ತಾಯಿ ಹುಟ್ಟಿದ್ದು ಫೆಬ್ರವರಿ 11ರಂದು. ಅವರಿಗೆ ಎಂಬತ್ತು ತುಂಬುವುದು 2027ರ ಫೆಬ್ರವರಿಯಲ್ಲಿ. ನಮ್ಮ ಪಟ್ಟಿ ನೆನಪು ಮಾಡುತ್ತಿದ್ದುದು ನವೆಂಬರಿನಲ್ಲಿ. ನಡುವೆ ಒಂಬತ್ತು ತಿಂಗಳ ಹೆಚ್ಚಿನ ಪಿಂಚಣಿ, ಆಮೇಲೆ ಬಾಕಿಗಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವುದು ಬೇರೆ, ಆ ವಯಸ್ಸಿನಲ್ಲಿ.

ಇದನ್ನು ಕಂಡುಹಿಡಿಯುವ ಬಗೆ ಹೀಗೆ. ಮೇಲಿನ ನಾಲ್ಕು ಸೂತ್ರಗಳನ್ನು ಈ ಪಟ್ಟಿಗೂ ಹಚ್ಚಿದರೆ ಬಲಕ್ಕೆ ನಿಂತವುಗಳ ಮುಂದೆ #VALUE! ಎಂದು ಬರುತ್ತದೆ, ಅವು ಒಳಗೆ 17473ರಂಥ ಸಂಖ್ಯೆಯಾಗಿರುವುದರಿಂದ ಗೆರೆಯೇ ಸಿಕ್ಕುವುದಿಲ್ಲ. ಹಾಗೆ ಸಿಕ್ಕಿಬಿದ್ದವುಗಳ ದಿನವನ್ನಷ್ಟೇ =DAY(A2) ಎಂದು ಹೊರತೆಗೆದು ನೋಡಿ. ಜನ ತಿಂಗಳ ಎಲ್ಲ ದಿನಗಳಲ್ಲೂ ಹುಟ್ಟುತ್ತಾರೆ. ಹದಿನೆಂಟರಲ್ಲಿ ಹತ್ತಾದರೂ 12ರ ಮೇಲಿರಬೇಕಿತ್ತು. ಒಂದೂ ಇರಲಿಲ್ಲ. ಎಡಕ್ಕುಳಿದ 28ರಲ್ಲಿ ಪ್ರತಿಯೊಂದರ ಮೊದಲ ಅಂಕಿಯೂ 12ರ ಮೇಲೆ. ಇಷ್ಟಾದ ಮೇಲೆ ಸಂಶಯವೇನು? ಆದರೂ ಎರಡು ಮೂರು ಹೆಸರುಗಳನ್ನು ಮೂಲ ಅರ್ಜಿಯೊಡನೆ ಹೋಲಿಸಿ ನೋಡುವುದು ಕ್ಷೇಮ. ಆಮೇಲೆ ಆ ಹದಿನೆಂಟಕ್ಕೆ ಮಾತ್ರ, ದಿನವನ್ನು ತಿಂಗಳ ಜಾಗದಲ್ಲೂ ತಿಂಗಳನ್ನು ದಿನದ ಜಾಗದಲ್ಲೂ ಇಟ್ಟು:

```
=DATE(YEAR(A2),DAY(A2),MONTH(A2))
```

ಬಲಕ್ಕೆ ನಿಂತವುಗಳಲ್ಲಿ 12ರ ಮೇಲಿನ ದಿನ ಒಂದಾದರೂ ಕಂಡಿದ್ದರೆ ಹೀಗೆ ಸಾರಾಸಗಟಾಗಿ ಮಗುಚುವಂತಿಲ್ಲ. ಎರಡು ಬಗೆಯ ಕಂಪ್ಯೂಟರುಗಳಲ್ಲಿ ತುಂಬಿದ್ದು ಬೆರೆತಿರಬಹುದು. 05/08 ಎಂಬುದು ಮೇ ತಿಂಗಳೋ ಆಗಸ್ಟೋ ಎಂದು ಯಾವ ಸೂತ್ರವೂ ಹೇಳಲಾರದು, ಬರೆದವರನ್ನೇ ಕೇಳಬೇಕು. ಪಟ್ಟಿಗಳನ್ನು ಬೆರೆಸುವ ಮೊದಲೇ, ಯಾರ ಕಡೆಯಿಂದ ಬಂದದ್ದೆಂದು ಒಂದು ಕಾಲಮ್ ಇಟ್ಟಿದ್ದರಿಂದ ನಮಗೆ ಕೇಳುವುದಕ್ಕೆ ಆಸ್ಪದವಿತ್ತು.

DATEನ ಇನ್ನೊಂದು ಸ್ವಭಾವವನ್ನೂ ಹೇಳಿಬಿಡಬೇಕು. ಅದಕ್ಕೆ ಇಲ್ಲವೆನ್ನುವ ಅಭ್ಯಾಸವಿಲ್ಲ. ಮಯೂರ ವಿಹಾರದ ಪಟ್ಟಿಯಲ್ಲಿ ಯಾರೋ ಮಹನೀಯರು 31.6.47 ಎಂದು ಬರೆದುಬಿಟ್ಟಿದ್ದರು. ಜೂನಿಗೆ ಮೂವತ್ತೇ ದಿನ. ಆದರೆ DATE ತಕರಾರೆತ್ತದೆ 1947ರ ಜುಲೈ 1 ಎಂದು ಕೊಟ್ಟಿತು. ತಿಂಗಳ ಜಾಗದಲ್ಲಿ 25 ಹಾಕಿ DATE(1946,25,11) ಎಂದು ಕೇಳಿದರೂ ಅಷ್ಟೇ ಸಮಾಧಾನದಿಂದ 1948ರ ಜನವರಿ 11 ಎನ್ನುತ್ತದೆ. ಆದ್ದರಿಂದ E ಕಾಲಮ್ಮಿನ ಉತ್ತರವನ್ನು ಮತ್ತೆ ಬರೆದ ಅಂಕಿಗೆ ಒಪ್ಪಿಸಿ ನೋಡಬೇಕು:

```
=AND(DAY(E2)=VALUE(LEFT(B2,C2-1)),
 MONTH(E2)=VALUE(MID(B2,C2+1,D2-C2-1)))
```

FALSE ಎಂದು ಬಂದ ಸಾಲುಗಳನ್ನು ಸೂತ್ರದಿಂದ ತಿದ್ದಲು ಹೋಗದೆ ಆ ಮನೆಗೇ ಫೋನು ಮಾಡಿ ಕೇಳಬೇಕು. ಎಲ್ಲ ಒಪ್ಪಿದ ಮೇಲೆ ಫಲಿತಾಂಶದ ಕಾಲಮ್ಮನ್ನು ನಕಲು ಮಾಡಿ, ಬೇರೊಂದು ಕಾಲಮ್ಮಿನಲ್ಲಿ Paste Values ಎಂಬ ರೀತಿಯಲ್ಲಿ ಅಂಟಿಸಿ, ತಿಂಗಳು ಅಕ್ಷರದಲ್ಲಿ ಕಾಣುವಂತೆ dd-mmm-yyyy ಎಂಬ ರೂಪ ಕೊಡಿ. 11-Feb-1947 ಎಂದಿದ್ದರೆ ಯಾರೂ ಅದನ್ನು ನವೆಂಬರ್ ಎಂದು ಓದಲಾರರು. ಮೂಲದ A ಕಾಲಮ್ಮನ್ನು ಮಾತ್ರ ಅಳಿಸಬೇಡಿ, ಬೇಕಾದರೆ ಮರೆಮಾಡಿ.