ನಲವತ್ತು ಹನಿಯ ಸುಳ್ಳು ಲೆಕ್ಕ

ರೈಲು ಹಳಿಯ ಪಕ್ಕದ ಗೋಡೆಗಳ ಮೇಲೆ ‘ಗುಪ್ತರೋಗ’ದ ಜಾಹೀರಾತು ಬರೆಸುವವರ ಬಂಡವಾಳ ಒಂದೇ: ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ ಎಂಬ ನಂಬಿಕೆ. ಅವರು ಹೆದರಿಸುತ್ತಾರೆ, ಮನೆಯಲ್ಲಿ ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ. ಇಬ್ಬರೂ ಸೇರಿ ಹುಡುಗರನ್ನು ರೋಗಿಗಳನ್ನಾಗಿ ಮಾಡುತ್ತಿದ್ದೇವೆ.

ವೀರ್ಯ ರಕ್ತವನ್ನು ಬಸಿದು ಆಗುವುದಲ್ಲ. ಅದರ ಬಹುಪಾಲು, ಪ್ರಾಸ್ಟೇಟ್ ಮತ್ತು ಅದರ ಪಕ್ಕದ ಗ್ರಂಥಿಗಳು ಸ್ರವಿಸುವ ದ್ರವ. ಒಂದು ಸಲಕ್ಕೆ ಹೊರಬರುವುದು ಸಾಮಾನ್ಯವಾಗಿ 2ರಿಂದ 5 ಮಿಲಿಲೀಟರ್. ಮೂರು ಮಿಲಿಲೀಟರಿನಲ್ಲಿ ಪ್ರೋಟೀನ್ ಸುಮಾರು 0.15 ಗ್ರಾಂ, ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ನಲವತ್ತರ ಲೆಕ್ಕವೇ ಬೇಕೆಂದರೆ ಇದನ್ನು ಇಟ್ಟುಕೊಳ್ಳಿ: ನಲವತ್ತು ಸಲ ಹೋದ ಪ್ರೋಟೀನು ಒಂದು ಮೊಟ್ಟೆಯಲ್ಲಿ ವಾಪಸು ಬರುತ್ತದೆ.

ಭಾಷೆಯ ಪಾಲೂ ಇದರಲ್ಲಿದೆ. ‘ವೀರ್ಯ’ ಎಂದರೆ ಪರಾಕ್ರಮವೂ ಹೌದು. ‘ವೀರ್ಯನಾಶ’ ಎಂದಾಗ ಹುಡುಗನ ಕಿವಿಗೆ ಬೀಳುವುದು ಗಂಡಸುತನವೇ ಹೋಯಿತೆಂಬ ತೀರ್ಪು. ಉಗುಳಿದರೆ ಯಾರೂ ‘ಲಾಲಾರಸನಾಶ’ ಎನ್ನುವುದಿಲ್ಲ.

ಹದಿನಾರರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮಲವಿಸರ್ಜನೆಗೆ ಮುಕ್ಕುವಾಗ ಅಂಟಂಟಾದ ಹನಿಯೊಂದು ಕಂಡಿತು, ಮರುದಿನ ಮೂತ್ರ ಬೆಳ್ಳಗಿತ್ತು. ಮೊದಲಿನದು ಒತ್ತಡಕ್ಕೆ ಜಿನುಗಿದ ಗ್ರಂಥಿಯ ದ್ರವ. ಎರಡನೆಯದು ಹೆಚ್ಚಾಗಿ ಮೂತ್ರದಲ್ಲಿನ ಫಾಸ್ಫೇಟ್, ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ತಿಳಿಯುತ್ತದೆ. ಅವನಿಗೋ ‘ಧಾತು’ ಹೋಗುತ್ತಿದೆ ಎಂಬ ದಿಗಿಲು. ದಿಗಿಲಿಗೆ ನಿದ್ದೆ ಕೆಡುತ್ತದೆ, ಎದೆ ಡವಗುಟ್ಟುತ್ತದೆ, ಕೈಕಾಲು ಸೋಲುತ್ತವೆ. ಆ ಸುಸ್ತನ್ನೇ ಅವನು ಸಾಕ್ಷಿ ಎಂದುಕೊಳ್ಳುತ್ತಾನೆ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟದ್ದು ಈ ಸ್ಥಿತಿಗೇ. ಇಲ್ಲಿ ಸುಸ್ತು ನಿಜ, ಅವನು ಅದಕ್ಕೆ ಕೊಟ್ಟುಕೊಂಡ ಕಾರಣ ಸುಳ್ಳು.

ಇಂಥವನಿಗೆ ಟಾನಿಕ್ ಕೊಡುವುದೆಂದರೆ ಕಾಯಿಲೆ ಇದೆ ಎಂದು ಒಪ್ಪಿಕೊಟ್ಟಂತೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾನೂನು ನಿಷೇಧಿಸಿದೆ. ಗೋಡೆಗಳು ಮಾತ್ರ ಅದನ್ನು ಓದಿಲ್ಲ.

ವೈದ್ಯರು ಹೇಳುವುದು ಸರಳ. ಹಸ್ತಮೈಥುನ, ಸ್ವಪ್ನಸ್ಖಲನ ಎರಡೂ ಸಹಜ; ಅವುಗಳಿಂದ ಕಣ್ಣು ಮಂಜಾಗುವುದಿಲ್ಲ, ಮೂಳೆ ಸವೆಯುವುದಿಲ್ಲ, ಮುಂದೆ ಮಕ್ಕಳಾಗುವುದು ತಪ್ಪುವುದಿಲ್ಲ. ಉರಿಮೂತ್ರ, ರಕ್ತ, ಕೀವು, ನೋವು ಇದ್ದರೆ ವೈದ್ಯರಿಗೆ ತೋರಿಸಬೇಕು. ತಡೆಯಲಾಗದೆ ಓದು, ನಿದ್ದೆ ಕೆಡುತ್ತಿದ್ದರೆ, ಅಥವಾ ಅಪರಾಧಭಾವದಿಂದ ಮನಸ್ಸು ಕುಸಿದಿದ್ದರೆ ಮನೋವೈದ್ಯರನ್ನು ಕಾಣಬೇಕು.

ಇಷ್ಟನ್ನು ಹೇಳಲು ಅಪ್ಪನಿಗೋ ಮಾವನಿಗೋ ಐದು ನಿಮಿಷ ಸಾಕು. ಆ ಐದು ನಿಮಿಷದ ನಾಚಿಕೆಯನ್ನು ನಾವು ನುಂಗಿಕೊಳ್ಳದಿದ್ದರೆ, ಹುಡುಗ ಗೋಡೆಯ ಮೇಲಿನ ನಂಬರಿಗೇ ಫೋನ್ ಮಾಡುತ್ತಾನೆ.