'ಒಳ್ಳೆ ಟ್ಯೂಷನ್ ಸಿಗ್ತಿಲ್ಲ' ಅಂತ ಬರೆದರೆ ಸಾಲದು

ಜಯನಗರದಲ್ಲಿ ಮನೆಪಾಠದ ಸ್ಟಾರ್ಟಪ್ ಮಾಡಹೊರಟ ನಮ್ಮೂರ ಹುಡುಗರು 'ಮಕ್ಕಳಿಗೆ ಒಳ್ಳೆ ಟ್ಯೂಷನ್ ಸಿಗ್ತಿಲ್ಲ' ಎಂದು ಬರೆದರೆ ನಾವು ಒಪ್ಪುವುದಿಲ್ಲ. ಗಣಿತ, ವಿಜ್ಞಾನದ ಟ್ಯೂಷನ್ನಿಗೆ ಅಲ್ಲೇನು ಬರವಿಲ್ಲ. ಕೊರತೆ ಕನ್ನಡದಲ್ಲಿದೆ. 2015ರ ಕಾಯ್ದೆಯಂತೆ ರಾಜ್ಯದ ಶಾಲೆಗಳು ಕನ್ನಡ ಕಲಿಸಲೇಬೇಕು; ಹೊರರಾಜ್ಯದಿಂದ ಬಂದ ಎಷ್ಟೋ ಅಪ್ಪ-ಅಮ್ಮಂದಿರಿಗೆ ಅಕ್ಷರವೇ ಗೊತ್ತಿಲ್ಲ.

ಹಾಗಾಗಿ ಸಮಸ್ಯೆಯನ್ನು ಹೀಗೆ ಬರೆಯಿರಿ: 'ಮೂರನೇ ಕ್ಲಾಸಿನ ಮಗುವಿನ ಕನ್ನಡ ಹೋಂವರ್ಕ್ ಓದಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲ.'

ಗಿರಾಕಿ ಯಾರೆಂದು ಬರೆಯುವಾಗಲೂ ಅಷ್ಟೇ. ತಾಯಿಯ ವಯಸ್ಸು, ಸಂಬಳ ಯಾರು ಬೇಕಾದರೂ ಊಹಿಸಿ ಬರೆಯಬಹುದು. ಹೋದ ವಾರ ಹೋಂವರ್ಕ್ ಬಂದಾಗ ಆಕೆ ಏನು ಮಾಡಿದರು? ಪುಟದ ಫೋಟೋ ತೆಗೆದು ಪಕ್ಕದ ಮನೆಯವರಿಗೆ ಕಳಿಸಿದರಾ, ದುಡ್ಡು ಕೊಟ್ಟು ಯಾರನ್ನಾದರೂ ಕರೆಸಿದರಾ? ಹತ್ತು ಮನೆಯಲ್ಲಿ ಕೇಳಿ. ಏನೂ ಮಾಡದೆ ಸುಮ್ಮನಿದ್ದವರು, ಬಾಯಲ್ಲಿ 'ಬೇಕು' ಅಂದರೂ, ಫೀಸು ಕಟ್ಟುವುದು ಅನುಮಾನ.